ಶರಾವತಿ ಸೇತುವೆ ದಾಟಲು 93 ಸೆಕೆಂಡ್: ರೈಲಿನ ಉದ್ದ ಕೂಡಿಸಬೇಕೋ ಬೇಡವೋ?

ಕಾರವಾರದ_ಅಪ್ಪ
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಎರಡು ದಿನದಿಂದ ಜಗಳ ನಡೆದಿದೆ, ಯಾರಾದರೂ ಬಿಡಿಸಿ.

ಹೋದ ವಾರ ಕಾರವಾರದಿಂದ ಉಡುಪಿಗೆ ರೈಲಿನಲ್ಲಿ ಹೋದೆವು. ಮಗ ಎಂಟನೇ ಕ್ಲಾಸು. ಹೊನ್ನಾವರದ ಹತ್ತಿರ ಶರಾವತಿ ಸೇತುವೆ ಬರುತ್ತದಲ್ಲ, ಕೊಂಕಣ ರೈಲ್ವೆಯಲ್ಲೇ ಉದ್ದದ್ದು, 2065.8 ಮೀಟರ್. ಅವನು ಮೊದಲೇ ಓದಿಕೊಂಡು ಬಂದಿದ್ದ. ಕಿಟಕಿಗೆ ಮೂಗು ಒತ್ತಿ ಕೂತು, ಸೇತುವೆಯ ಕಟಕಟೆ ಶುರುವಾದ ತಕ್ಷಣ ಮೊಬೈಲಿನ ಸ್ಟಾಪ್‌ವಾಚ್ ಒತ್ತಿದ. ಕಟಕಟೆ ಮುಗಿದಾಗ ನಿಲ್ಲಿಸಿದ. 93 ಸೆಕೆಂಡ್.

ಆಮೇಲೆ ಲೆಕ್ಕ. ಇಂಜಿನ್ ಸುಮಾರು 20 ಮೀಟರ್, 22 ಬೋಗಿ, ಒಂದೊಂದು 24 ಮೀಟರ್ ಅಂತ ಹಿಡಿದು ಗಾಡಿಯ ಉದ್ದ 548 ಮೀಟರ್. ಶಾಲೆಯಲ್ಲಿ ಹೇಳಿಕೊಟ್ಟ ಹಾಗೆ ಸೇತುವೆಗೆ ಗಾಡಿಯ ಉದ್ದ ಕೂಡಿಸಿದ. 2066 + 548 = 2614. ಅದನ್ನು 93ರಿಂದ ಭಾಗಿಸಿದರೆ ಸೆಕೆಂಡಿಗೆ 28.1 ಮೀಟರ್, ಅಂದರೆ ಗಂಟೆಗೆ 101 ಕಿ.ಮೀ. ನನ್ನ ಮೊಬೈಲಿನ ಜಿಪಿಎಸ್ ಮಾತ್ರ ಇಡೀ ಸೇತುವೆಯ ಮೇಲೆ 79, 80, 80 ಅಂತಲೇ ತೋರಿಸುತ್ತಿತ್ತು.

ಅವನು ಜಿಪಿಎಸ್ ತಪ್ಪು ಅಂತಾನೆ. ನಾನು ಲೆಕ್ಕ ತಪ್ಪು ಅಂತೀನಿ. ಆದರೆ ಲೆಕ್ಕದಲ್ಲಿ ಎಲ್ಲಿ ತಪ್ಪು ಅಂತ ನನಗೂ ಹೇಳಕ್ಕೆ ಬರ್ತಿಲ್ಲ.

ಎಸ್‌ಡಿಎ_ಓದ್ತಿದೀನಿ
ಮಗ ಮಾಡಿದ್ದು ಸರಿ ಸರ್. ಕಂಬ ಅಥವಾ ಮನುಷ್ಯ ಆದರೆ ರೈಲಿನ ಉದ್ದ ಮಾತ್ರ. ಪ್ಲಾಟ್‌ಫಾರಂ ಅಥವಾ ಸೇತುವೆ ಆದರೆ ಎರಡನ್ನೂ ಕೂಡಿಸಲೇಬೇಕು. ನಾನು ಈ ಥರದ ಲೆಕ್ಕ ಇನ್ನೂರಾದರೂ ಮಾಡಿದ್ದೀನಿ. ಜಿಪಿಎಸ್ ರೈಲಿನೊಳಗೆ ಸರಿಯಾಗಿ ಸಿಗಲ್ಲ.

ಸಾಗರದ_ಗಾಳಿ
ಆ ಸೇತುವೆ ಮೇಲೆ ರೈಲು ಎಲ್ಲಿ ಹೋಗುತ್ತೆ? ನಾವು ಮೊನ್ನೆ ಕಾರಲ್ಲಿ ಹೋಗಿ ಬಂದ್ವಿ. ಲಾಂಚ್‌ಗೆ ಕಾಯೋದು ತಪ್ಪಿತು, ಅದೊಂದು ಪುಣ್ಯ.

ಕಾರವಾರದ_ಅಪ್ಪ
ನೀವು ಹೇಳುತ್ತಿರುವುದು ಸಿಗಂದೂರಿನದು. ಅದು ಸಾಗರದ ಕಡೆ, ಹಿನ್ನೀರಿನ ಮೇಲೆ. ನಮ್ಮದು ನದಿ ಸಮುದ್ರ ಸೇರುವ ಕಡೆಯದು. ನದಿ ಒಂದೇ, ಸೇತುವೆ ಬೇರೆ.

ಸಾಗರದ_ಗಾಳಿ
ಓ ಹೌದಾ. ಶರಾವತಿ ಅಂದ ತಕ್ಷಣ ಬಂದುಬಿಟ್ಟೆ 😄

ಮಲೆನಾಡ_ಮೇಷ್ಟ್ರು
ಎಸ್‌ಡಿಎ ಗೆಳೆಯರೇ, ಒಂದು ನಿಮಿಷ ತಡೆಯಿರಿ. ನೀವು ಮಾಡಿದ ಇನ್ನೂರು ಲೆಕ್ಕಗಳಲ್ಲಿ ಗಡಿಯಾರ ಹಿಡಿದವನು ಎಲ್ಲಿ ನಿಂತಿದ್ದ?

ಎಸ್‌ಡಿಎ_ಓದ್ತಿದೀನಿ
ಲೆಕ್ಕದಲ್ಲಿ ಅದೆಲ್ಲ ಕೊಟ್ಟಿರಲ್ಲ ಸರ್. "ರೈಲು ಸೇತುವೆಯನ್ನು ಇಷ್ಟು ಸೆಕೆಂಡಿನಲ್ಲಿ ದಾಟುತ್ತದೆ" ಅಷ್ಟೇ.

ನಿವೃತ್ತ_ಲೋಕೋ
ಮೇಷ್ಟ್ರು ಸರಿಯಾದ ಕಡೆ ಕೈ ಇಟ್ಟಿದ್ದಾರೆ. ನಾನು ಮೂವತ್ತು ವರ್ಷ ಇಂಜಿನ್ ಓಡಿಸಿದವನು, ನನ್ನ ಭಾಷೆಯಲ್ಲಿ ಹೇಳುತ್ತೇನೆ.

ರೈಲು ಸೇತುವೆ ದಾಟಿತು ಅಂದರೆ ಏನು? ಇಂಜಿನ್ನಿನ ಮೂತಿ ಸೇತುವೆ ಮುಟ್ಟಿದಾಗ ಶುರು. ಕೊನೆಯ ಬೋಗಿಯ ಹಿಂಭಾಗ ಸೇತುವೆ ಬಿಟ್ಟಾಗ ಮುಕ್ತಾಯ. ಈ ಹೊತ್ತಿನಲ್ಲಿ ಇಂಜಿನ್ ಎಷ್ಟು ಮುಂದೆ ಹೋಗಿರುತ್ತದೆ? ಸೇತುವೆಯ ಉದ್ದ, ಅದರ ಮೇಲೆ ತನ್ನ ಹಿಂದಿರುವ ಇಡೀ ಗಾಡಿಯ ಉದ್ದ. ಅದಕ್ಕೇ ಕೂಡಿಸುವುದು.

ನಿಮ್ಮ ಮಗ ಆ ಕೆಲಸ ಮಾಡಿಲ್ಲ. ಅವನು ಅಳೆದದ್ದು ತನ್ನ ಕಿಟಕಿ ಸೇತುವೆಯ ಈ ತುದಿಯಿಂದ ಆ ತುದಿಗೆ ಹೋಗಲು ಬೇಕಾದ ಹೊತ್ತು. ಕಿಟಕಿ ಶುರುವಿನಲ್ಲಿ ಸೇತುವೆಯ ಆರಂಭದಲ್ಲಿತ್ತು, ಕೊನೆಯಲ್ಲಿ ಅಂತ್ಯದಲ್ಲಿತ್ತು. ಸಾಗಿದ್ದು 2066 ಮೀಟರ್, ಒಂದು ಮೀಟರ್ ಹೆಚ್ಚಿಲ್ಲ. ಅವನ ಹಿಂದೆ ಎರಡು ಬೋಗಿ ಇದ್ದರೂ ಅಷ್ಟೇ, ಇಪ್ಪತ್ತು ಬೋಗಿ ಇದ್ದರೂ ಅಷ್ಟೇ.

2066 ÷ 93 = ಸೆಕೆಂಡಿಗೆ 22.2 ಮೀಟರ್. 3.6ರಿಂದ ಗುಣಿಸಿ. ಗಂಟೆಗೆ 80. ಜಿಪಿಎಸ್ ಹೇಳಿದ್ದೂ ಅದನ್ನೇ.

ಕಾರವಾರದ_ಅಪ್ಪ
ಅಯ್ಯೋ! ಅಷ್ಟೇನಾ? ಮಗನಿಗೆ ಓದಿ ಹೇಳಿದೆ. ಐದು ನಿಮಿಷ ಮಾತಾಡಲಿಲ್ಲ. ಆಮೇಲೆ "ಹಾಗಾದ್ರೆ ಪುಸ್ತಕ ತಪ್ಪಾ?" ಅಂತ ಕೇಳಿದ.

ಮಲೆನಾಡ_ಮೇಷ್ಟ್ರು
ಪುಸ್ತಕ ತಪ್ಪಲ್ಲ. ಪುಸ್ತಕದವರು ಹಳಿ ಪಕ್ಕ ನಿಂತು ನೋಡ್ತಾರೆ, ನಿಮ್ಮ ಮಗ ಒಳಗೆ ಕೂತು ನೋಡಿದ. ನನ್ನ ಕ್ಲಾಸಿನಲ್ಲಿ ಇದಕ್ಕೆ ಒಂದು ಆಟ ಆಡಿಸುತ್ತೇನೆ. ಹತ್ತು ಮಕ್ಕಳು ಒಬ್ಬರ ಹೆಗಲು ಒಬ್ಬರು ಹಿಡಿದು ರೈಲು. ಡೆಸ್ಕಿನ ಸಾಲು ಪ್ಲಾಟ್‌ಫಾರಂ. ನಿಧಾನಕ್ಕೆ ನಡೆಯಿರಿ ಅಂತೀನಿ. ಇಂಜಿನ್ ಹುಡುಗ ಡೆಸ್ಕಿನ ಸಾಲು ಮುಗಿಸಿ "ದಾಟಿದೆ ಸಾರ್" ಅಂತ ಕೂಗುತ್ತಾನೆ. ಹಿಂದಿನ ಹುಡುಗಿ "ನಾನಿನ್ನೂ ಇಲ್ಲೇ ಇದೀನಿ ಸಾರ್" ಅಂತಾಳೆ. ಇಬ್ಬರೂ ಹೇಳೋದು ನಿಜ. ಅಲ್ಲಿಂದ ಮುಂದೆ ಕೂಡಿಸಬೇಕೋ ಕಳೆಯಬೇಕೋ ಅಂತ ಯಾರೂ ಕೇಳಲ್ಲ.

ಎಸ್‌ಡಿಎ_ಓದ್ತಿದೀನಿ
ಒಪ್ಪಿದೆ. ಆದರೆ ಪರೀಕ್ಷೆಯಲ್ಲಿ ಒಳಗೆ ಕೂತವನ ಪ್ರಶ್ನೆ ಬರಲ್ಲ ಅಂತ ಧೈರ್ಯ ಇದೆ.

ಗದಗ_ಜಂಕ್ಷನ್
ಬರ್ತದ ರೀ. ಎದುರಿಗೆ ಬರೋ ಗಾಡಿ ಲೆಕ್ಕದಾಗ ಬರ್ತದ. "ರೈಲಿನಲ್ಲಿ ಕುಳಿತ ಪ್ರಯಾಣಿಕನನ್ನು ಎದುರಿನ ರೈಲು ಇಷ್ಟು ಸೆಕೆಂಡಿನಲ್ಲಿ ಹಾಯ್ದು ಹೋಯಿತು" ಅಂತ ಇರ್ತದ. ಅಲ್ಲಿ ಎದುರಿನ ಗಾಡಿಯ ಉದ್ದ ಮಾತ್ರ ಹಿಡೀಬೇಕು, ಅವನು ಕೂತ ಗಾಡಿದು ಬಿಡಬೇಕು. ನಾನು ಎರಡೂ ಕೂಡಿಸಿ ಎರಡು ಮಾರ್ಕ್ಸ್ ಕಳ್ಕೊಂಡೀನಿ.

ನಿವೃತ್ತ_ಲೋಕೋ
ಕಾರವಾರದವರಿಗೆ ಒಂದು ಉಪಾಯ. ನಿಮ್ಮ ಕಡೆ ಹೆಚ್ಚಿನ ಭಾಗ ಒಂಟಿ ಹಳಿ. ಕ್ರಾಸಿಂಗ್ ಅಂತ ನಿಮ್ಮ ಗಾಡಿಯನ್ನು ಸ್ಟೇಷನ್ನಿನ ಲೂಪಿನಲ್ಲಿ ನಿಲ್ಲಿಸುತ್ತಾರೆ, ಎದುರಿನದು ನಿಲ್ಲದೆ ಹೋಗುತ್ತದೆ. ಆಗ ನಿಮ್ಮ ಕಿಟಕಿಯೇ ಕಂಬ. ಎದುರಿನ ಇಂಜಿನ್ನಿನ ಮೂತಿ ಕಿಟಕಿಗೆ ಬಂದಾಗ ಒತ್ತಿ, ಕೊನೆಯ ಬೋಗಿ ದಾಟಿದಾಗ ನಿಲ್ಲಿಸಿ, ಜೊತೆಗೆ ಬೋಗಿ ಎಣಿಸಿ. 22 ಬೋಗಿ, 25 ಸೆಕೆಂಡ್ ಬಂದರೆ 548 ÷ 25, ಸೆಕೆಂಡಿಗೆ ಹತ್ತಿರ ಹತ್ತಿರ 22 ಮೀಟರ್, ಗಂಟೆಗೆ 79. ಕಂಬದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಬೋಗಿ 24 ಮೀಟರ್ ಅಂದದ್ದು ಹೊಸ ಎಲ್‌ಎಚ್‌ಬಿಗೆ ಮಾತ್ರ. ಹಳೆಯ ನೀಲಿ ಐಸಿಎಫ್ ಬೋಗಿ ಬಫರಿನಿಂದ ಬಫರಿಗೆ 22.3 ಮೀಟರ್. 22 ಬೋಗಿಗೆ ಅದೇ 37 ಮೀಟರ್ ವ್ಯತ್ಯಾಸ ಬೀಳುತ್ತದೆ.

ತುಮಕೂರು_ಪ್ಯಾಸೆಂಜರ್
ಇಷ್ಟೆಲ್ಲ ಯಾಕೆ? ಪಕ್ಕದ ಕರೆಂಟ್ ಕಂಬ ಎಣಿಸಿ. ಒಂದೊಂದಕ್ಕೆ 50 ಮೀಟರ್. ನಾನು ದಿನಾ ಹಾಗೇ ನೋಡೋದು.

ನಿವೃತ್ತ_ಲೋಕೋ
50 ಅಂತ ಯಾರು ಹೇಳಿದರು? ನೇರ ದಾರಿಯಲ್ಲಿ 72 ಮೀಟರ್‌ವರೆಗೂ ಇರುತ್ತದೆ. ತಿರುವಿನಲ್ಲಿ ತಂತಿ ಹಳಿಯ ನಡುವಿನಿಂದ ಪಕ್ಕಕ್ಕೆ ಹೋಗಬಾರದಲ್ಲ, ಅದಕ್ಕೆ ಕಂಬಗಳು ಹತ್ತಿರ ಬರುತ್ತವೆ. ಸೇತುವೆ, ಸ್ಟೇಷನ್ ಬಳಿ ಇನ್ನೂ ಬೇರೆ. ಕಂಬ ನಂಬಬೇಡಿ, ಕಿಲೋಮೀಟರ್ ಕಲ್ಲು ನಂಬಿ. ಒಂದು ಕಲ್ಲಿನಿಂದ ಮುಂದಿನದಕ್ಕೆ ಎಷ್ಟು ಸೆಕೆಂಡ್ ನೋಡಿ, 3600 ಅನ್ನು ಅದರಿಂದ ಭಾಗಿಸಿ. 45 ಸೆಕೆಂಡ್ ಆದರೆ ಗಂಟೆಗೆ 80.

ತುಮಕೂರು_ಪ್ಯಾಸೆಂಜರ್
ಓಹ್. ಹಾಗಾದರೆ ಹತ್ತು ವರ್ಷದಿಂದ ನನ್ನ ರೈಲು ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಹೋಗ್ತಿತ್ತು. ಆದರೂ ಲೇಟೇ ಯಾಕೆ ಬರ್ತಿತ್ತೋ.

ಹಳೇ_ಹಳಿ
ನಮ್ಮ ಕಾಲದಲ್ಲಿ ಟಕ್ ಟಕ್ ಎಣಿಸುತ್ತಿದ್ದೆವು. 13 ಮೀಟರಿಗೊಂದು ಹಳಿಯ ಜೋಡಣೆ. ಸುಮಾರು 47 ಸೆಕೆಂಡಿನಲ್ಲಿ ಎಷ್ಟು ಟಕ್ ಆಯಿತೋ ಅಷ್ಟೇ ಕಿ.ಮೀ. ವೇಗ. 13 × 3.6 = 46.8, ಅದಕ್ಕೆ. ಈಗ ಉದ್ದುದ್ದಕ್ಕೆ ಬೆಸುಗೆ ಹಾಕಿಬಿಟ್ಟಿದ್ದಾರೆ, ಟಕ್ ಇಲ್ಲ, ಲೆಕ್ಕವೂ ಇಲ್ಲ. ಆದರೆ ನಿದ್ದೆ ಚೆನ್ನಾಗಿ ಬರುತ್ತೆ.

ಮೈಸೂರು_ಅಮ್ಮ
ಮೇಷ್ಟ್ರೇ, ನನ್ನ ಮಗಳದ್ದು ಬೇರೆ ತೊಂದರೆ. "ರೈಲು ಕಂಬವನ್ನು 16 ಸೆಕೆಂಡಿನಲ್ಲಿ, 360 ಮೀಟರ್ ಪ್ಲಾಟ್‌ಫಾರಂ ಅನ್ನು 34 ಸೆಕೆಂಡಿನಲ್ಲಿ ದಾಟುತ್ತದೆ. ಉದ್ದ, ವೇಗ ಎಷ್ಟು?" ಇವಳು 360 ÷ 34 ಮಾಡಿ ಕೂತಿದ್ದಾಳೆ. ಟ್ಯೂಷನ್ನಿನವರು ಎಕ್ಸ್ ಹಾಕಿ ಎರಡು ಸಮೀಕರಣ ಬರೆಸಿದ್ದಾರೆ. ಉತ್ತರ ಬಂತು, ಆದರೆ ಯಾಕೆ ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.

ಮಲೆನಾಡ_ಮೇಷ್ಟ್ರು
ಎಕ್ಸ್ ಬೇಡ ಅಮ್ಮ. ಪ್ಲಾಟ್‌ಫಾರಂನ ಆರಂಭದ ತುದಿಯಲ್ಲೇ ಆ ಕಂಬ ಇದೆ ಅಂತ ಮಗಳಿಗೆ ಹೇಳಿ. ಇಂಜಿನ್ ಕಂಬ ಮುಟ್ಟಿತು, ಗಡಿಯಾರ ಶುರು. 16 ಸೆಕೆಂಡಿಗೆ ಕೊನೆಯ ಬೋಗಿ ಕಂಬ ದಾಟಿತು. ಅಂದರೆ ಗಾಡಿಯ ಬಾಲ ಈಗ ಪ್ಲಾಟ್‌ಫಾರಂನ ಶುರುವಿನಲ್ಲಿದೆ. 34ನೇ ಸೆಕೆಂಡಿಗೆ ಅದೇ ಬಾಲ ಪ್ಲಾಟ್‌ಫಾರಂನ ಕೊನೆಯಲ್ಲಿದೆ. ನಡುವಿನ 18 ಸೆಕೆಂಡಿನಲ್ಲಿ ಬಾಲ ಎಷ್ಟು ಓಡಿತು? ಬರೀ ಪ್ಲಾಟ್‌ಫಾರಂ, 360 ಮೀಟರ್. ಹಾಗಾದರೆ ಸೆಕೆಂಡಿಗೆ 20 ಮೀಟರ್, ಗಂಟೆಗೆ 72 ಕಿ.ಮೀ. ಕಂಬಕ್ಕೆ 16 ಸೆಕೆಂಡ್ ಬೇಕಾಯಿತಲ್ಲ, 16 × 20 = 320 ಮೀಟರ್ ಗಾಡಿ.

ಮೈಸೂರು_ಅಮ್ಮ
ಬಾಲ ಹಿಡಿದ ತಕ್ಷಣ ಅರ್ಥ ಆಯಿತು ಅವಳಿಗೆ. ನನಗೂ. ಥ್ಯಾಂಕ್ಸ್ ಮೇಷ್ಟ್ರೇ 🙏

ಗದಗ_ಜಂಕ್ಷನ್
ನಮ್ಮ ಹುಬ್ಬಳ್ಳಿ ಪ್ಲಾಟ್‌ಫಾರಂ ಹಾಕ್ರಿ ಲೆಕ್ಕಕ್ಕ. 1507 ಮೀಟರ್, 2023ರಾಗ ಉದ್ಘಾಟನೆ ಆತು, ಜಗತ್ತಿನಾಗ ಉದ್ದದ್ದು. ಗೋರಖ್‌ಪುರ ಹಿಂದ ಬಿತ್ತು. 548 ಮೀಟರ್ ಗಾಡಿ 80ರಾಗ ಹೋದ್ರ 2055 ÷ 22.2, ಸುಮಾರು 92 ಸೆಕೆಂಡ್!

ಎಸ್‌ಡಿಎ_ಓದ್ತಿದೀನಿ
ಹುಬ್ಬಳ್ಳಿಯಲ್ಲಿ ಯಾವ ಪ್ಯಾಸೆಂಜರ್ ಗಾಡಿ ನಿಲ್ಲದೆ 80ರಲ್ಲಿ ಹೋಗುತ್ತೆ ಅಣ್ಣ? ಎಲ್ಲ ನಿಲ್ಲುತ್ತವೆ.

ಮಲೆನಾಡ_ಮೇಷ್ಟ್ರು
ಒಳ್ಳೇ ಪ್ರಶ್ನೆ. ನಿಲ್ಲುವ ಗಾಡಿಗೆ ಈ ಲೆಕ್ಕ ಹಾಕಲೇಬಾರದು. ಒಳಗೆ ಬರುವಾಗ ಬ್ರೇಕ್, ಹೊರಡುವಾಗ ಎಳೆತ. ಹೊರಡುವ ಗಾಡಿಯನ್ನು ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ಅಳೆದರೆ ಮೊದಲ ಐದು ಬೋಗಿಗೆ ಎಷ್ಟು ಹೊತ್ತು, ಕೊನೆಯ ಐದಕ್ಕೆ ಎಷ್ಟು ಹೊತ್ತು ಅಂತ ಬೇರೆ ಬೇರೆ ನೋಡಿ. ಎರಡೂ ಒಂದೇ ಬರದಿದ್ದರೆ ವೇಗ ಬದಲಾಗುತ್ತಿದೆ ಅಂತ ಅರ್ಥ. ಆಗ ಸಿಗುವುದು ಸರಾಸರಿ ಮಾತ್ರ.

ಅಂದಹಾಗೆ ಕಾರವಾರದವರೇ, ನಿಮ್ಮ ಗಾಡಿ ಹೊನ್ನಾವರದಲ್ಲಿ ನಿಂತಿತ್ತಾ?

ಕಾರವಾರದ_ಅಪ್ಪ
ಇಲ್ಲ, ನಿಲ್ಲದ ಗಾಡಿ. ಅದಕ್ಕೇ 79, 80 ಅಂತ ಸ್ಥಿರವಾಗಿ ತೋರಿಸಿತು.

ಮೈಸೂರು_ಅಮ್ಮ
ಅಲ್ಲ, ಈ ಗಾಡಿಯ ಉದ್ದ ಗೊತ್ತಾಗಿ ನಿಜವಾಗಿ ಯಾರಿಗೆ ಏನು ಆಗಬೇಕು? ಸುಮ್ನೆ ಮಕ್ಕಳ ಪ್ರಾಣ ತಿನ್ನಕ್ಕೆ ಇಟ್ಟಿರೋ ಲೆಕ್ಕ ಅನ್ಸುತ್ತೆ.

ನಿವೃತ್ತ_ಲೋಕೋ
ನನಗೆ ಆಗಬೇಕಿತ್ತು ಅಮ್ಮ, ಪ್ರತಿ ಡ್ಯೂಟಿಯಲ್ಲೂ.

ಎಲ್ಲೋ ಒಂದು ಸೇತುವೆ ರಿಪೇರಿ ನಡೆದಿದೆ ಅಂದುಕೊಳ್ಳಿ. ಅಲ್ಲಿ ಗಂಟೆಗೆ 30ಕ್ಕಿಂತ ಜಾಸ್ತಿ ಹೋಗಬಾರದು. ಸೇತುವೆ 120 ಮೀಟರ್. 30 ಅಂದರೆ ಸೆಕೆಂಡಿಗೆ 8.3 ಮೀಟರ್. ನನ್ನ ಇಂಜಿನ್ ಹದಿನಾಲ್ಕು ಹದಿನೈದು ಸೆಕೆಂಡಿಗೆ ಸೇತುವೆಯ ಆಚೆ ಇರುತ್ತದೆ. ಮುಂದೆ ದಾರಿ ಖಾಲಿ, ಕೈ ತುರಿಸುತ್ತದೆ. ಆದರೆ ಹಿಂದೆ 58 ವ್ಯಾಗನ್ ಅದಿರು ಇದೆ. ಒಂದೊಂದು 10.7 ಮೀಟರ್, ಇಂಜಿನ್ನು ಬ್ರೇಕ್‌ವ್ಯಾನ್ ಎಲ್ಲ ಸೇರಿ 700 ಮೀಟರ್ ಹತ್ತಿರ ಅಂತಿಟ್ಟುಕೊಳ್ಳಿ. 820 ÷ 8.3, ಅಂದರೆ ಹತ್ತಿರ ಹತ್ತಿರ ನೂರು ಸೆಕೆಂಡ್ ಸೇತುವೆಯ ಮೇಲೆ ನನ್ನ ಗಾಡಿಯ ಯಾವುದೋ ಭಾಗ ಇದ್ದೇ ಇರುತ್ತದೆ. ಇಂಜಿನ್ ದಾಟಿತು ಅಂತ ಎಳೆದರೆ ತುಂಬಿದ ವ್ಯಾಗನ್ನುಗಳು ಆ ದುರ್ಬಲ ಸೇತುವೆಯ ಮೇಲೆ ಜೋರಾಗಿ ಹೋಗುತ್ತವೆ.

ಇಂಜಿನ್ನಿನಲ್ಲಿ ಕೂತವನಿಗೆ ಬಾಲ ಕಾಣುವುದಿಲ್ಲ. ಅದಕ್ಕೆ ನಿರ್ಬಂಧ ಮುಗಿದ ಮೇಲೆ ಮುಂದೆ ಹಳದಿ ದುಂಡು ಫಲಕ ಇರುತ್ತದೆ. ಟಿ/ಪಿ ಅಂದರೆ ಪ್ಯಾಸೆಂಜರಿಗೆ, ಟಿ/ಜಿ ಅಂದರೆ ಗೂಡ್ಸಿಗೆ. ಆ ಗಾಡಿಗಳ ಉದ್ದಕ್ಕೆ ತಕ್ಕಷ್ಟು ಮುಂದೆ ನೆಟ್ಟಿರುತ್ತಾರೆ. ನನ್ನ ಇಂಜಿನ್ ಆ ಫಲಕ ಮುಟ್ಟಿತು ಅಂದರೆ ಬಾಲ ಸೇತುವೆ ಬಿಟ್ಟಿತು. ಪುಸ್ತಕದ ಕೂಡಿಸುವ ಲೆಕ್ಕವನ್ನು ಹಾಗೆ ಹಳಿ ಪಕ್ಕ ನೆಟ್ಟಿದ್ದಾರೆ.

ಮೈಸೂರು_ಅಮ್ಮ
ಮಾತು ವಾಪಸ್ ತಗೊಂಡೆ.

ಹಳೇ_ಹಳಿ
ಆ ಹಳದಿ ಫಲಕ ನೂರು ಸಲ ನೋಡಿದ್ದೀನಿ. ಯಾವುದೋ ಊರಿನ ಗುರುತು ಅಂದುಕೊಂಡಿದ್ದೆ!

ತುಮಕೂರು_ಪ್ಯಾಸೆಂಜರ್
ಒಂದು ಕೊಂಕು. ಕಂಬಕ್ಕೂ ದಪ್ಪ ಇರುತ್ತಲ್ಲ? ಅದನ್ನು ಯಾಕೆ ಕೂಡಿಸಲ್ಲ?

ಮಲೆನಾಡ_ಮೇಷ್ಟ್ರು
ಕೂಡಿಸಿ. 548 ಮೀಟರಿಗೆ ಒಂದು ಗೇಣು. ನಿಮ್ಮ ಹೆಬ್ಬೆರಳು ಸ್ಟಾಪ್‌ವಾಚ್ ಒತ್ತಲು ಅರ್ಧ ಸೆಕೆಂಡ್ ತಡ ಮಾಡಿದರೆ 11 ಮೀಟರ್ ಹೋಯಿತು, ಅರ್ಧ ಬೋಗಿ. ಮೊದಲು ಹೆಬ್ಬೆರಳಿನ ಲೆಕ್ಕ ನೋಡಿಕೊಳ್ಳಿ 😄

ಎಸ್‌ಡಿಎ_ಓದ್ತಿದೀನಿ
"ರೈಲು ಪೂರ್ತಿ ಸೇತುವೆಯ ಮೇಲೆ ಇರುವ ಸಮಯ" ಅಂತ ಒಂದು ಪ್ರಶ್ನೆಯಲ್ಲಿ ಬಂದಿತ್ತು. ನಾನು ಕೂಡಿಸಿದೆ, ಕೀ ಉತ್ತರದಲ್ಲಿ ಕಳೆದಿದ್ದರು.

ಮಲೆನಾಡ_ಮೇಷ್ಟ್ರು
ಅದು ಸರಿ. ಬಾಲ ಸೇತುವೆ ಏರಿದಾಗ ಶುರು, ಇಂಜಿನ್ ಇಳಿಯಲು ಹೊರಟಾಗ ಮುಗಿಯಿತು. ಶರಾವತಿಯಲ್ಲಿ 2066 − 548. ಪ್ಲಾಟ್‌ಫಾರಂ ಗಾಡಿಗಿಂತ ಚಿಕ್ಕದಿದ್ದರೆ ಅಂಥ ಕ್ಷಣವೇ ಇರುವುದಿಲ್ಲ.

ಗದಗ_ಜಂಕ್ಷನ್
ಆದ್ರ ಕೆಲವು ಪುಸ್ತಕದಾಗ "ಸಂಪೂರ್ಣವಾಗಿ ದಾಟಲು" ಅಂತ ಬರೀತಾರ, ಅದಕ್ಕ ಕೂಡಿಸಬೇಕು. "ಸಂಪೂರ್ಣ" ನೋಡಿದ ಕೂಡ್ಲೇ ತಲಿ ಕೆಡ್ತದ.

ಎಸ್‌ಡಿಎ_ಓದ್ತಿದೀನಿ
ಅದನ್ನೇ ಹೇಳ್ತಿರೋದು. ಲೆಕ್ಕಕ್ಕಿಂತ ಕನ್ನಡವೇ ಕಷ್ಟ ಇಲ್ಲಿ.

ಕಾರವಾರದ_ಅಪ್ಪ
ನಿನ್ನೆ ವಾಪಸ್ ಬಂದೆವು. ಮಗ ಬಿಡಲಿಲ್ಲ. ಬಾಲದಿಂದ ಇಂಜಿನ್ನಿನವರೆಗೆ ಅಳೆಯಲೇಬೇಕು ಅಂತ ಹಟ. ಅವನ ಮಾವನನ್ನು ಇಂಜಿನ್ನಿನ ಕಡೆಯಿಂದ ಎರಡನೇ ಬೋಗಿಯಲ್ಲಿ ನಿಲ್ಲಿಸಿದ, ತಾನು 21ನೇ ಬೋಗಿಯಲ್ಲಿ. ಇಬ್ಬರೂ ಬೋಗಿಯ ಹಿಂದಿನ ಬಾಗಿಲ ಹತ್ತಿರ, ಒಳಗೇ. ಫೋನ್ ಕಾಲ್ ಹಾಕಿಕೊಂಡೇ ಇದ್ದರು. ಮಾವ "ಬಂತು" ಅಂದಾಗ ಶುರು. ಮಗನ ಬಾಗಿಲು ಸೇತುವೆ ಬಿಟ್ಟಾಗ ಕೊನೆ. 116 ಸೆಕೆಂಡ್.

ನನ್ನ ಜಿಪಿಎಸ್ 80 ಅಂತಿತ್ತು. 116 × 22.2 = 2575, ಅದರಲ್ಲಿ 2066 ಕಳೆದರೆ 509 ಮೀಟರ್. ಆದರೆ ಎರಡನೇ ಬೋಗಿಯಿಂದ 21ಕ್ಕೆ 19 ಬೋಗಿ, 456 ಮೀಟರ್ ಬರಬೇಕಿತ್ತು. ಎರಡು ಬೋಗಿ ಜಾಸ್ತಿ ಎಲ್ಲಿಂದ ಬಂತು?

ತುಮಕೂರು_ಪ್ಯಾಸೆಂಜರ್
ಫೋನ್ ತಡವಾಗಿ ಕೇಳಿಸಿರುತ್ತೆ. ನೆಟ್‌ವರ್ಕ್.

ಮಲೆನಾಡ_ಮೇಷ್ಟ್ರು
ಮಾವನ ಮಾತು ತಡವಾಗಿ ಕೇಳಿಸಿದರೆ ಗಡಿಯಾರ ತಡವಾಗಿ ಶುರುವಾಗುತ್ತೆ, ಉದ್ದ ಕಡಿಮೆ ಬರಬೇಕು. ಇಲ್ಲಿ ಜಾಸ್ತಿ ಬಂದಿದೆ. ಬೇರೆ ಕಾರಣ ಇದೆ.

ನಿವೃತ್ತ_ಲೋಕೋ
ಕಾರಣ ಆ 80. ಹತ್ತಿರ ಹತ್ತಿರ ಎರಡು ನಿಮಿಷದ ಓಟದಲ್ಲಿ ಗಂಟೆಗೆ ಒಂದೇ ಒಂದು ಕಿ.ಮೀ. ವ್ಯತ್ಯಾಸ ಆದರೂ 32 ಮೀಟರ್ ತಪ್ಪುತ್ತದೆ. 2575ರಲ್ಲಿ ಅದು ಲೆಕ್ಕಕ್ಕಿಲ್ಲ. ಆದರೆ 2066 ಕಳೆದ ಮೇಲೆ ಉಳಿಯುವ ಚಿಕ್ಕ ಸಂಖ್ಯೆಯ ಮೇಲೆ ಆ ತಪ್ಪು ಪೂರ್ತಿ ಬಂದು ಕೂರುತ್ತದೆ. ಉದ್ದ ಸೇತುವೆ ವೇಗ ಅಳೆಯಲು ಚಿನ್ನ, ಗಾಡಿಯ ಉದ್ದ ಅಳೆಯಲು ದಂಡ.

ಮಗ ತನ್ನ ಬಾಗಿಲು ಸೇತುವೆಗೆ ಬಂದ ಹೊತ್ತನ್ನೂ ಬರೆದುಕೊಂಡಿದ್ದಾನಾ?

ಕಾರವಾರದ_ಅಪ್ಪ
ಹೌದು! ಲ್ಯಾಪ್ ಒತ್ತಿದ್ದಾನೆ. ಮಾವ "ಬಂತು" ಅಂದ 21 ಸೆಕೆಂಡಿಗೆ ಇವನ ಬಾಗಿಲಿಗೆ ಸೇತುವೆ ಬಂದಿದೆ.

ನಿವೃತ್ತ_ಲೋಕೋ
ಹಾಗಾದರೆ ಅವನ ಬಾಗಿಲು ಸೇತುವೆಯ ಮೇಲೆ ಇದ್ದದ್ದು 95 ಸೆಕೆಂಡ್. 2066 ÷ 95 = 21.75. ಗಂಟೆಗೆ 78.3, ಎಂಬತ್ತಲ್ಲ. 21 × 21.75 = 457 ಮೀಟರ್.

ಮೈಸೂರು_ಅಮ್ಮ
ಇದು ಮೇಷ್ಟ್ರು ಹೇಳಿದ ಕಂಬ, ಪ್ಲಾಟ್‌ಫಾರಂ ಲೆಕ್ಕವೇ ಅಲ್ವಾ? 21 ಕಂಬದ್ದು, 95 ಬಾಲ ಓಡಿದ್ದು.

ಮಲೆನಾಡ_ಮೇಷ್ಟ್ರು
ಅದೇ ಅಮ್ಮ. ಸೇತುವೆಯ ತುದಿ ಇಲ್ಲಿ ಕಂಬ ಆಯಿತು.

ತುಮಕೂರು_ಪ್ಯಾಸೆಂಜರ್
456ಕ್ಕೆ 457 ಬಂದಿದ್ದು ನನಗೆ ನಂಬಿಕೆ ಇಲ್ಲ. ಹೆಬ್ಬೆರಳಿಗೇ 11 ಮೀಟರ್ ಹೋಗುತ್ತೆ ಅಂದಿರಿ. ಫೋನ್ ತಡ ಬೇರೆ.

ಮಲೆನಾಡ_ಮೇಷ್ಟ್ರು
ನಿಮ್ಮ ಅನುಮಾನ ಸರಿಯೇ. ತಪ್ಪುಗಳು ಒಂದನ್ನೊಂದು ಹೊಡೆದುಕೊಂಡಿರಬಹುದು. ಇನ್ನೂ ನಾಲ್ಕು ಸಲ ಅಳೆದರೆ ಗೊತ್ತಾಗುತ್ತೆ.

ಕಾರವಾರದ_ಅಪ್ಪ
ಹಾಗೆ ಹೇಳಬೇಡಿ ಮೇಷ್ಟ್ರೇ, ಪಕ್ಕದಲ್ಲೇ ಕೂತು ಓದ್ತಿದ್ದಾನೆ. ಅವನ ಮಾವ ಆಗಲೇ ಮೆಸೇಜ್ ಹಾಕಿದ್ದಾರೆ, ಮುಂದಿನ ಸಲ ಬಸ್ಸಿನಲ್ಲಿ ಬರ್ತಾರಂತೆ.